ಎಳೆದು ಕೂರಿಸಿದ ಬೆರಳು

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಬಂತಂತೆ. ಇದರಲ್ಲಿ ನನ್ನ ಸಾಧನೆ ಏನೂ ಇಲ್ಲ, ಕಷ್ಟಪಟ್ಟವಳು ನನ್ನ ಅಮ್ಮ. ಆದರೆ ನಮ್ಮ ಕಡೆ ಕಾಲು ಮುಂದಾಗಿ ಹುಟ್ಟಿದವರು ಉಳುಕಿದ ಜಾಗವನ್ನು ಮುಟ್ಟಿದರೆ, ತುಳಿದರೆ, ನೋವು ಹೋಗುತ್ತದೆ ಎಂಬ ನಂಬಿಕೆ ಇದೆ. ಹಾಗಾಗಿ ಐದು ವರ್ಷಕ್ಕೇ ನನಗೊಂದು ಉದ್ಯೋಗ ಸಿಕ್ಕಿತು. ಸೊಂಟ ಹಿಡಿದುಕೊಂಡವರು ನಮ್ಮ ಜಗಲಿಯಲ್ಲಿ ಕವುಚಿ ಮಲಗುತ್ತಿದ್ದರು, ನಾನು ಅವರ ಬೆನ್ನಿಗೆ ಕಾಲು ತಾಗಿಸುತ್ತಿದ್ದೆ. ಕುತ್ತಿಗೆ ಹಿಡಿದವರಿಗೆ ಹೆಬ್ಬೆರಳಿನಿಂದ ಮೂರು ಸಲ ಸವರುತ್ತಿದ್ದೆ. ಅವರು ಎದ್ದು, "ಹಗುರ ಆಯ್ತು ಮಗಾ" ಎನ್ನುತ್ತಿದ್ದರು. ಎದ್ದು ಹೋಗುವಾಗ ಸೊಂಟ ಹಿಡಿದುಕೊಂಡೇ ಹೋಗುತ್ತಿದ್ದರು ಎಂಬುದನ್ನು ಯಾರೂ ಗಮನಿಸುತ್ತಿರಲಿಲ್ಲ, ನಾನೂ ಗಮನಿಸಲಿಲ್ಲ.

ದೊಡ್ಡವಳಾಗಿ ವ್ಯಾಯಾಮ ಶಿಕ್ಷಣದ ಟೀಚರ್ ಆದೆ. ಸುರತ್ಕಲ್ ಹತ್ತಿರದ ಒಂದು ಹೈಸ್ಕೂಲು. ಮಕ್ಕಳ ಬಾಯಲ್ಲಿ ಪಿ.ಟಿ. ಟೀಚರ್. ಬೆನ್ನು ತುಳಿಯುವ ಕೆಲಸ ಹೋಯಿತು, ಅದರ ಬದಲು ಬೆರಳು ಎಳೆಯುವ ಕೆಲಸ ಬಂತು. ವಾಲಿಬಾಲ್ ಆಡುವಾಗ ಬೆರಳಿನ ತುದಿಗೆ ಬಾಲ್ ಬಡಿಯುವುದು ದಿನನಿತ್ಯದ ಮಾತು. ಮಗು ಅಳುತ್ತಾ ಬರುತ್ತದೆ, ನಾನು ಬೆರಳಿನ ತುದಿ ಹಿಡಿದು ನೇರಕ್ಕೆ ಎಳೆಯುತ್ತೇನೆ, ಒಮ್ಮೊಮ್ಮೆ 'ಟಕ್' ಎಂದು ಸದ್ದು ಬರುತ್ತದೆ, ಎಲ್ಲರೂ ಹೋ ಎನ್ನುತ್ತಾರೆ. ಮತ್ತೆ ಪಕ್ಕದ ಬೆರಳಿಗೆ ಜೋಡಿಸಿ ಸುತ್ತಿಬಿಡುತ್ತೇನೆ. ಯಾವುದರಿಂದ ಎಂದರೆ, ನೆಟ್ಟಿನ ಅಂಚು ಹರಿದರೆ ಸುತ್ತುವ ಕೆಂಪು ಇನ್ಸುಲೇಶನ್ ಟೇಪಿನಿಂದ. ಕರೆಂಟಿನವರು ವಯರಿಗೆ ಸುತ್ತುವ ಅದೇ ಟೇಪು. ಬುಡದಿಂದ ತುದಿಯವರೆಗೆ, ಗೆಣ್ಣೂ ಕಾಣದ ಹಾಗೆ, ಬಿಗಿಯಾಗಿ.

ಸ್ಟಾಫ್‌ರೂಮಿನಲ್ಲಿ ಇದನ್ನು ನನ್ನ ಕೈಗುಣ ಎನ್ನುತ್ತಿದ್ದರು. ಬೇರೆ ಶಾಲೆಯವರೂ ಟೂರ್ನಮೆಂಟಿನಲ್ಲಿ ಮಕ್ಕಳನ್ನು ನನ್ನ ಹತ್ತಿರ ಕಳಿಸುತ್ತಿದ್ದರು. "ಅವರ ಹತ್ರ ಹೋಗು, ಅವರು ಕಾಲು ಮುಂದೆ ಬಂದು ಹುಟ್ಟಿದವರು" ಎನ್ನುತ್ತಿದ್ದರು. ನಾನು ನಗುತ್ತಿದ್ದೆ, ಬೇಡ ಎನ್ನುತ್ತಿರಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ಆ ವರ್ಷ ನಮ್ಮ ಶಾಲೆಯ ಹುಡುಗಿಯರ ತಂಡದಲ್ಲಿ ಒಬ್ಬಳು ಒಂಬತ್ತನೇ ಕ್ಲಾಸಿನವಳು ಇದ್ದಳು. ಕಾಟಿಪಳ್ಳದಿಂದ ಬರುತ್ತಿದ್ದಳು. ಅಪ್ಪ ಇಲ್ಲ, ಅಮ್ಮ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಹುಡುಗಿ ಬಾಲ್ ಎತ್ತಿ ಕೊಡುವವಳು, ಅಂದರೆ ಸೆಟ್ಟರ್. ಸೆಟ್ಟರಿಗೆ ಬೇಕಾದದ್ದು ಎತ್ತರವಲ್ಲ, ಹತ್ತು ಬೆರಳು. ಬಾಲ್ ಬೆರಳಿಗೆ ತಾಗಿದ್ದೇ ಗೊತ್ತಾಗದ ಹಾಗೆ, ಸದ್ದಿಲ್ಲದೆ, ಬೇಕಾದ ಜಾಗಕ್ಕೆ ಏರಬೇಕು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅಂಥ ಕೈ ನಾನು ಎರಡೇ ಸಲ ನೋಡಿದ್ದು. ಅವಳು ನನಗೆ ಅಚ್ಚುಮೆಚ್ಚು ಎಂದು ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು. ಅವಳಿಗೇ ನಾನು ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದೆ.

ಒಂದು ಬುಧವಾರ ಬ್ಲಾಕ್ ಮಾಡಲು ಹಾರಿದಾಗ ಬಾಲ್ ಅವಳ ಬಲಗೈಯ ನಡುಬೆರಳಿನ ತುದಿಗೆ ನೇರ ಬಡಿಯಿತು. ಅವಳು ಕೂಗಲಿಲ್ಲ. ಕೈ ಮುಂದೆ ಹಿಡಿದು ನನ್ನ ಹತ್ತಿರ ನಡೆದು ಬಂದಳು. ನಡುಗೆಣ್ಣಿನ ಹತ್ತಿರ ಬೆರಳು ಒಂದು ಮೆಟ್ಟಿಲು ಹತ್ತಿದಂತೆ ಕಾಣುತ್ತಿತ್ತು. ಅದು ಬರೀ ಜಜ್ಜಿದ್ದಲ್ಲ, ಗೆಣ್ಣೇ ತಪ್ಪಿತ್ತು. ನೋಡಿದ ಕೂಡಲೇ ನನಗೆ ಅದು ಗೊತ್ತಾಯಿತು, ಇದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಗೊತ್ತಾಗಿಯೇ ಎಳೆದೆ. ಟಕ್ ಎಂದಿತು, ಮೆಟ್ಟಿಲು ಮಾಯವಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

"ಮಡಚು ನೋಡುವ" ಎಂದೆ.

ಅವಳು ತುಟಿ ಕಚ್ಚಿ ಸ್ವಲ್ಪ ಮಡಚಿದಳು.

"ಆಡ್ತದಲ್ಲ, ಮುರ್ದಿಲ್ಲ. ಎಂತ ಹೆದರುದು?"

ಉಂಗುರದ ಬೆರಳಿಗೆ ಜೋಡಿಸಿ ಕೆಂಪು ಟೇಪು ಸುತ್ತಿದೆ. ಆ ಸಂಜೆ ಅವಳ ಅಮ್ಮ ಫೋನ್ ಮಾಡಿದರು. "ಟೀಚರ್, ಬೆರಳು ದಪ್ಪ ಆಗಿದೆ. ಎಕ್ಸ್‌ರೇ ಎಲ್ಲ ತೆಗಿಸ್ಬೇಕಾ?" ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೆ ಅಕ್ಷರಶಃ ನೆನಪಿದೆ. "ಎಂತಕ್ಕೆ? ಬೆರಳು ಆಡ್ತದೆ, ನಾನು ಟೇಪ್ ಹಾಕಿದ್ದೇನಲ್ಲ. ಐಸ್ ಇಡಿ, ಎರಡು ದಿನದಲ್ಲಿ ಇಳೀತದೆ." ಅವರು, "ನೀವು ಹೇಳಿದ್ರೆ ಸರಿ ಟೀಚರ್" ಎಂದರು. ಆ ಮಾತಿನಲ್ಲಿ ಅನುಮಾನದ ಒಂದು ಎಳೆಯೂ ಇರಲಿಲ್ಲ.

ಸೋಮವಾರದಿಂದ ಹುಡುಗಿ, ಆಡುವ ಹೊತ್ತಿಗೆ ಮಾತ್ರ ಟೇಪು ಬಿಚ್ಚಿ, ಮತ್ತೆ ಆಡಿದಳು. ವಲಯ ತಂಡದ ಆಯ್ಕೆ ಹತ್ತಿರವಿತ್ತು. ಬಾಲ್ ಅವಳ ಕೈಯಿಂದ ಮೊದಲಿನ ಹಾಗೆ ಏಳುತ್ತಿರಲಿಲ್ಲ, ಸ್ವಲ್ಪ ತಿರುಗಿ, ಎಡಕ್ಕೆ ವಾಲಿ ಹೋಗುತ್ತಿತ್ತು. ನಾನು ಅಂಚಿನಲ್ಲಿ ನಿಂತು ಗಂಟಲು ಹರಿದುಕೊಂಡೆ. "ಬೆರಳು ಬಿಡಿಸು! ಹತ್ತೂ ಬೆರಳು ತಾಗ್ಬೇಕು! ಅನ್ನ ತಿಂದಿದ್ದೀಯಾ ಇಲ್ವಾ ಮಾರಾಯ್ತಿ?" ಅವಳು ತಲೆ ಅಲ್ಲಾಡಿಸಿ ಮತ್ತೆ ಎತ್ತುತ್ತಿದ್ದಳು.

ಅದೇ ವಾರದ ಶನಿವಾರ ನನ್ನ ಸರದಿ ಬಂತು. ಶಿಕ್ಷಕರ ಪಂದ್ಯಕ್ಕೆ ಅಭ್ಯಾಸ ಮಾಡುತ್ತಿದ್ದೆವು. ನಮ್ಮ ಲೆಕ್ಕದ ಸರ್ ವಾಲಿಬಾಲಿನಲ್ಲಿ ಯಾವ ಲೆಕ್ಕವನ್ನೂ ಇಡುವವರಲ್ಲ. ಅವರು ಹೊಡೆದ ಬಾಲ್ ನನ್ನ ಎಡಗೈಯ ಉಂಗುರದ ಬೆರಳಿಗೆ ಬಡಿಯಿತು. ಕಣ್ಣಿಗೆ ಕತ್ತಲೆ ಕಟ್ಟಿತು. ನೋಡಿದರೆ ಅದೇ ಮೆಟ್ಟಿಲು. ಸುತ್ತ ಎಲ್ಲ ಟೀಚರುಗಳು, ಸರ್‌ಗಳು. ಅವರ ಮುಖದಲ್ಲಿ ಗಾಬರಿಗಿಂತ ಕುತೂಹಲವೇ ಜಾಸ್ತಿ ಇತ್ತು. ಬೇರೆಯವರ ಬೆರಳು ಎಳೆಯುವವಳು ತನ್ನ ಬೆರಳಿಗೆ ಏನು ಮಾಡುತ್ತಾಳೆ ಎಂದು ನೋಡುತ್ತಿದ್ದರು. ನಾನು ಹಲ್ಲು ಕಚ್ಚಿ ಬಲಗೈಯಿಂದ ಹಿಡಿದು ಎಳೆದೆ. ಟಕ್. ಲೆಕ್ಕದ ಸರ್ ಕೈ ಮುಗಿದರು. ಜಂಬದಿಂದ ನಾನೇ ಟೇಪು ಸುತ್ತಿಕೊಂಡೆ. ಆದರೆ ಎಳೆಯುವಾಗ ಇಷ್ಟು ನೋವಾಗುತ್ತದೆ ಎಂದು ಇಷ್ಟು ವರ್ಷ ಒಂದು ಮಗುವೂ ನನಗೆ ಹೇಳಿರಲಿಲ್ಲ. ಮನೆಗೆ ಬರುವಾಗ ಅದೇ ಯೋಚನೆ.

ಆ ಬೆರಳಿನಲ್ಲಿ ಉಂಗುರವಿತ್ತು, ನಿಶ್ಚಿತಾರ್ಥದ್ದು. ಆಗ ನಾನು ಕಡ್ಡಿಯ ಹಾಗಿದ್ದೆ, ಈಗ ಹಾಗಿಲ್ಲ, ಉಂಗುರ ಮಾತ್ರ ಅಂದಿನದ್ದೇ. ಪೆಟ್ಟು ತಾಗಿದ ಕೂಡಲೇ ಅದನ್ನು ತೆಗೆಯಬೇಕಿತ್ತು. ಮಕ್ಕಳಾದರೆ ಬಳೆ, ಉಂಗುರ ತೆಗೆಸಿಯೇ ಕೋರ್ಟಿಗೆ ಬಿಡುವವಳು ನಾನು, ನನ್ನದನ್ನು ಮರೆತೆ. ಭಾನುವಾರ ಬೆಳಿಗ್ಗೆ ಎದ್ದಾಗ ಬೆರಳು ಬದನೆಕಾಯಿಯ ಹಾಗೆ ಊದಿ ಅದೇ ಬಣ್ಣಕ್ಕೆ ತಿರುಗಿತ್ತು. ಉಂಗುರ ಮಾಂಸದೊಳಗೆ ಹೂತುಹೋಗಿತ್ತು. ಟೇಪು ಬಿಚ್ಚಿದೆ, ಸಾಬೂನು ಹಚ್ಚಿದೆ, ತೆಂಗಿನೆಣ್ಣೆ ಸುರಿದೆ. ಉಂಗುರ ಸುತ್ತ ತಿರುಗುತ್ತದೆ, ಗೆಣ್ಣು ದಾಟುವುದಿಲ್ಲ. ನನ್ನವರು ನೂಲು ತಂದು, ಬೆರಳಿಗೆ ಸುತ್ತಿ ಸುತ್ತಿ ಉಂಗುರ ಜಾರಿಸುವ ವಿಡಿಯೋ ಮೊಬೈಲಿನಲ್ಲಿ ಹಾಕಿಕೊಂಡು ಕೂತರು. ಮೂರನೇ ಸುತ್ತಿಗೆ ನಾನು ಅವರ ಮೊಬೈಲನ್ನು ಸೋಫಾಕ್ಕೆ ಎಸೆದೆ. ಬೆರಳಿನ ತುದಿ ತಣ್ಣಗಾಗುತ್ತಿತ್ತು, ಮುಟ್ಟಿದರೆ ಬೇರೆ ಯಾರದೋ ಬೆರಳಿನ ಹಾಗೆ ಅನಿಸುತ್ತಿತ್ತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

"ಆಸ್ಪತ್ರೆಗೆ ಹೋಗುವ" ಎಂದರು ನನ್ನವರು.

"ಉಂಗುರ ತೆಗಿಸ್ಲಿಕ್ಕೆ ಮಾತ್ರ" ಎಂದೆ ನಾನು.

ಸ್ಕೂಟರಿನ ಹಿಂದೆ ಕೂತು ಹೊರಟೆ. ಕೂಳೂರು ಸೇತುವೆಯ ಹತ್ತಿರ ಎಂದಿನಂತೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಮುಂದೆ ಟ್ಯಾಂಕರು, ಹಿಂದೆ ಟ್ಯಾಂಕರು, ಪಕ್ಕದಲ್ಲಿ ಹಾರ್ನು ಒತ್ತಿಯೇ ಸಿಟ್ಟು ತೀರಿಸಿಕೊಳ್ಳುವ ಬಸ್ಸು. ಮುಂದೆ ಹೋಗಲು ಜಾಗವಿಲ್ಲ, ಹಿಂದೆ ತಿರುಗಲೂ ಆಗುವುದಿಲ್ಲ. ನೆತ್ತಿಯ ಮೇಲೆ ಬಿಸಿಲು. ಕೈಯನ್ನು ಎದೆಗಿಂತ ಮೇಲೆ ಹಿಡಿದರೆ ನೋವು ಸ್ವಲ್ಪ ಕಡಿಮೆಯಾಗುತ್ತದೆ ಎಂದು ಗೊತ್ತಾಗಿ ಹಾಗೇ ಹಿಡಿದಿದ್ದೆ. ಕೊಡಿಯಾಲ್‌ಬೈಲಿನ ಆಸ್ಪತ್ರೆ ಮುಟ್ಟುವವರೆಗೆ ಉಂಗುರದ ಸುತ್ತ ಒಂದೊಂದು ಬಡಿತವೂ ನನಗೆ ಬೇರೆಬೇರೆಯಾಗಿ ಕೇಳುತ್ತಿತ್ತು.

ಕ್ಯಾಶುವಾಲ್ಟಿಯಲ್ಲಿ ಇದ್ದ ಸಿಸ್ಟರ್ ಒಂದೇ ಮಾತಿಗೆ, "ಇದು ಕಟ್ ಮಾಡ್ಬೇಕು" ಎಂದರು. ಉಂಗುರದ ಅಡಿಗೆ ಒಂದು ಸಣ್ಣ ತಗಡು ತೂರಿಸಿ, ಚಕ್ರದಂಥ ಗರಗಸ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಚಿನ್ನ ಸೀಳಿತು. ಬೆರಳಿಗೆ ರಕ್ತ ಓಡಿದಾಗ ನನಗೆ ಅಳುವೇ ಬಂತು. ಕತ್ತರಿಸಿದ ಉಂಗುರವನ್ನು ನನ್ನವರು ಅಂಗಿಯ ಜೇಬಿಗೆ ಹಾಕಿಕೊಂಡರು. ಅಲ್ಲಿಗೆ ನಾನು ಬಂದ ಕೆಲಸ ಮುಗಿದಿತ್ತು, ಎದ್ದು ನಿಂತೆ.

ಡ್ಯೂಟಿಯಲ್ಲಿದ್ದ ಡಾಕ್ಟರ್ ನನ್ನ ಹಳೆ ವಿದ್ಯಾರ್ಥಿಯಾಗಬಹುದಾದ ವಯಸ್ಸಿನ ಹುಡುಗಿ. ಚೀಟಿಯಲ್ಲಿ ನನ್ನ ಕೆಲಸ ಓದಿ, "ಕೂತ್ಕೊಳ್ಳಿ ಟೀಚರ್" ಎಂದರು. ಬೆರಳಿಗೆ ಏನಾಯಿತು ಎಂದು ಕೇಳಿದರು. ಹೇಳಿದೆ.

"ಸೊಟ್ಟ ಆಗಿತ್ತಾ? ಎಳೆದು ಕೂರಿಸಿದ್ದು ಯಾರು?"

"ನಾನೇ."

"ಹಾಗಾದ್ರೆ ಎಕ್ಸ್‌ರೇ ಬೇಕು."

"ಬೆರಳು ಆಡ್ತದೆ ಡಾಕ್ಟ್ರೇ" ಎಂದೆ. ಮಡಚಿ ತೋರಿಸಲು ಹೋದೆ, ಕಣ್ಣಲ್ಲಿ ನೀರು ಬಂತು.

"ಮುರಿದ ಬೆರಳು ಕೂಡ ಆಡ್ತದೆ ಟೀಚರ್. ಆಡ್ತದೆ ಅಂತ ಮುರಿದಿಲ್ಲ ಹೇಳ್ಲಿಕ್ಕೆ ಆಗುದಿಲ್ಲ."

ಇಪ್ಪತ್ತು ವರ್ಷದಿಂದ ನನ್ನ ಬಾಯಲ್ಲಿದ್ದ ಮಾತನ್ನು ಅವರು ಅಷ್ಟು ಸಲೀಸಾಗಿ ಕಸದ ಬುಟ್ಟಿಗೆ ಹಾಕಿದರು. ಎಕ್ಸ್‌ರೇ ತೆಗೆಯುವವರು ಕೈಯನ್ನು ಒಮ್ಮೆ ಅಂಗಾತ ಇಡಿಸಿದರು, ಒಮ್ಮೆ ಉಳಿದ ಬೆರಳುಗಳನ್ನು ಮಡಚಿಸಿ ಇದೊಂದನ್ನೇ ಅಡ್ಡಕ್ಕೆ ನಿಲ್ಲಿಸಿದರು. ಡಾಕ್ಟರ್ ಕಂಪ್ಯೂಟರಿನಲ್ಲಿ ಎರಡನ್ನೂ ತೋರಿಸಿದರು. ಮೊದಲನೆಯದರಲ್ಲಿ ಏನೂ ಕಾಣಲಿಲ್ಲ. ಅಡ್ಡಕ್ಕೆ ತೆಗೆದದ್ದರಲ್ಲಿ, ನಡುಗೆಣ್ಣಿನ ಅಡಿಯಲ್ಲಿ, ಅಕ್ಕಿಯ ನುಚ್ಚಿನಷ್ಟು ಒಂದು ಚೂರು ಬೇರೆಯಾಗಿ ನಿಂತಿತ್ತು.

"ಬೆರಳು ಹಿಂದಕ್ಕೆ ಹೋಗುವಾಗ ಅಡಿಯ ಪೊರೆ ಎಲುಬಿನ ಚೂರನ್ನು ಕಿತ್ತುಕೊಂಡು ಬಂದಿದೆ. ನಿಮ್ಮದು ಸಣ್ಣದು, ಗೆಣ್ಣೂ ಸರಿಯಾಗಿ ಕೂತಿದೆ. ನೀವು ಬಚಾವು. ಪಕ್ಕದ ಬೆರಳಿಗೆ ಕಟ್ಟಿದ್ರೆ ಸಾಕು, ಮೂರು ವಾರ."

ಸಿಸ್ಟರ್ ಕಟ್ಟಿದರು. ಎರಡು ಬೆರಳಿನ ನಡುವೆ ಒಂದು ಪದರ ಗಾಜ್ ಬಟ್ಟೆ ಇಟ್ಟರು. ಬೆವರಿ ಚರ್ಮ ಬೆಳ್ಳಗಾಗಿ ಸುಲಿಯಬಾರದಂತೆ. ನನ್ನ ಮಕ್ಕಳ ಬೆರಳಿನ ಸಂದು ಸುಲಿದಾಗ ನಾನು ಅವರಿಗೆ ಕೈ ತೊಳೆಯಲು ಗೊತ್ತಿಲ್ಲ ಎಂದು ಬೈದಿದ್ದೆ. ಆಮೇಲೆ ಗೆಣ್ಣಿನ ಮೇಲೊಂದು, ಕೆಳಗೊಂದು, ಎರಡೇ ಪಟ್ಟಿ ಬಿಳಿ ಟೇಪು ಅಂಟಿಸಿದರು. ಗೆಣ್ಣನ್ನು ಖಾಲಿ ಬಿಟ್ಟರು. ಬೆರಳು ಮಡಚಲು ಬರಬೇಕು, ಇಲ್ಲದಿದ್ದರೆ ಗೆಣ್ಣು ಗಟ್ಟಿಯಾಗುತ್ತದೆ ಎಂದರು. ನನ್ನ ಬೆರಳಿನ ತುದಿಯನ್ನು ಒತ್ತಿ ಬಿಟ್ಟರು, ಬಿಳಿಯಾದದ್ದು ಕೂಡಲೇ ಕೆಂಪಾಯಿತು. "ಹೀಗೆ ಬಣ್ಣ ವಾಪಸ್ ಬರ್ಬೇಕು. ಬರದಿದ್ರೆ ಬಿಗಿ ಆಗಿದೆ ಅಂತ ಲೆಕ್ಕ."

ಅಷ್ಟರಲ್ಲಿ ನನ್ನವರು, ಇರಲಾರದೆ, ಡಾಕ್ಟರಿಗೆ ನನ್ನ ಕೈಗುಣದ ವಿಷಯ ಹೇಳಿಬಿಟ್ಟರು. ಹೆಮ್ಮೆಯಿಂದಲೇ ಹೇಳಿದರು. ಡಾಕ್ಟರ್ ನಗಲಿಲ್ಲ.

"ಹೆಚ್ಚಿನವು ಬರೀ ಜಜ್ಜಿದ್ದಿರ್ತದೆ ಟೀಚರ್. ಪೂರ್ತಿ ಮಡಚ್ಲಿಕ್ಕೆ, ಪೂರ್ತಿ ಬಿಡಿಸ್ಲಿಕ್ಕೆ ಬರ್ತದೆ, ನಾಲ್ಕು ದಿನದಲ್ಲಿ ಊತ ಇಳೀತದೆ. ಅದು ನೀವು ಮುಟ್ಟದಿದ್ರೂ ಗುಣ ಆಗ್ತಿತ್ತು. ಆದ್ರೆ ಒಮ್ಮೆ ಗೆಣ್ಣು ತಪ್ಪಿದೆ ಅಂತಾದ್ರೆ, ಅದು ತಾನೇ ಕೂತಿದ್ರೂ ಎಕ್ಸ್‌ರೇ ಬೇಕು. ಮುಷ್ಟಿ ಹಿಡಿದಾಗ ಬೆರಳು ಪಕ್ಕದ್ದರ ಮೇಲೆ ಹತ್ತಿದ್ರೆ ಬೇಕು. ತುದಿ ಬಾಗಿ, ಎತ್ತಲಿಕ್ಕೆ ಬರದಿದ್ರೆ ಬೇಕು. ಎಲುಬನ್ನೇ ಒತ್ತಿದಾಗ ನೋವಾದ್ರೆ, ಜೋಮು ಹಿಡಿದ್ರೆ, ಊತ ಇಳಿಯದಿದ್ರೆ..." ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. "ಈಚೆಗೆ ಯಾರದ್ದಾದ್ರೂ ಎಳೆದಿದ್ದೀರಾ? ಎರಡು ವಾರದೊಳಗೆ ಬಂದ್ರೆ ಏನಾದ್ರೂ ಮಾಡ್ಬಹುದು. ತಿಂಗಳು ಕಳೆದು ಬಂದ್ರೆ ಕಷ್ಟ ಉಂಟು."

"ಇಲ್ಲ" ಎಂದೆ.

ಬಾಯಿಯಿಂದ ತಾನಾಗಿ ಬಂತು. ಪಕ್ಕದಲ್ಲಿ ನನ್ನವರಿದ್ದರು, ಸಿಸ್ಟರ್ ಇದ್ದರು. ಹನ್ನೊಂದು ದಿನ ಆಗಿತ್ತು. ನಾನು ಮನಸ್ಸಿನಲ್ಲೇ ಎಣಿಸಿದ್ದೆ.

ಸೋಮವಾರ ಬೆಳಿಗ್ಗೆ ಹುಡುಗಿಯನ್ನು ಸ್ಪೋರ್ಟ್ಸ್ ರೂಮಿಗೆ ಕರೆದೆ. ಕೆಂಪು ಟೇಪು ಬಿಚ್ಚಿಸಿದೆ. ಗೆಣ್ಣು ನೆಲ್ಲಿಕಾಯಿಯಷ್ಟು ದಪ್ಪವಾಗಿತ್ತು. ಮುಷ್ಟಿ ಹಿಡಿ ಎಂದೆ. ಉಳಿದ ಬೆರಳುಗಳು ಅಂಗೈ ಮುಟ್ಟಿದವು, ನಡುಬೆರಳು ಅರ್ಧಕ್ಕೇ ನಿಂತಿತು. ಬಿಡಿಸು ಎಂದೆ. ಪೂರ್ತಿ ಬಿಡಿಸಲೂ ಬರಲಿಲ್ಲ. ಗೆಣ್ಣಿನ ಅಡಿಯಲ್ಲಿ ಒತ್ತಿದೆ. ಅವಳ ಭುಜ ಮೇಲಕ್ಕೆ ಹೋಯಿತು.

"ನೋವು ಉಂಟಾ?"

"ಇಲ್ಲ ಟೀಚರ್."

ಅವಳೂ ನನ್ನ ಹಾಗೇ ಇಲ್ಲ ಎಂದಳು. ನನಗೆ ಆಗಲೇ ಎಲ್ಲ ಗೊತ್ತಾಗಿತ್ತು. ಆದರೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆಯ್ಕೆ ಶುಕ್ರವಾರ ಇತ್ತು. ಹೇಳಿದರೆ ಅವಳು ಹೋಗುವ ಹಾಗಿಲ್ಲ, ಅವಳಿಲ್ಲದೆ ತಂಡವೂ ಇಲ್ಲ. ಅವಳ ಅಮ್ಮ ಅಂದೇ ಕೇಳಿದ್ದರು, ಬೇಡ ಎಂದವಳು ನಾನು. ಹೆಡ್‌ಮಿಸ್ಟ್ರೆಸ್ ಕೇಳುತ್ತಾರೆ, ಉಳಿದ ತಂದೆತಾಯಿಯರು ಕೇಳುತ್ತಾರೆ, ಇಷ್ಟು ವರ್ಷ ನಾನು ಎಳೆದ ಬೆರಳುಗಳೆಲ್ಲ ಎದ್ದು ಬಂದು ಕೇಳುತ್ತವೆ. ಹೇಳದಿದ್ದರೆ ಈ ಗೆಣ್ಣು ಹೀಗೇ ಗಟ್ಟಿಯಾಗುತ್ತದೆ. ಸೋಮವಾರ ಇಡೀ ದಿನ ನಾನು ಆ ಎರಡು ಗೋಡೆಗಳ ನಡುವೆ ನಡೆದೆ. ನಾಲ್ಕನೇ ಪೀರಿಯಡಿನಲ್ಲಿ ಒಂದು ಉಪಾಯ ಹೊಳೆಯಿತು, ಶುಕ್ರವಾರ ಆಯ್ಕೆ ಮುಗಿಸಿ ಶನಿವಾರ ಕರೆದುಕೊಂಡು ಹೋದರಾಯಿತು. ಆ ಉಪಾಯ ಎಷ್ಟು ಹಿತವಾಗಿತ್ತು ಎಂದರೆ, ಮಧ್ಯಾಹ್ನದ ಊಟವನ್ನು ಚೆನ್ನಾಗಿಯೇ ಮಾಡಿದೆ. ನಾಚಿಕೆಯಾಗುತ್ತದೆ, ಆದರೆ ಮಾಡಿದ್ದು ಹೌದು.

ಮಂಗಳವಾರ ಅಭ್ಯಾಸಕ್ಕೆ ಬಿಟ್ಟೆ. ನಾನು ಸೀಟಿ ಹಿಡಿದು ನಿಂತಿದ್ದೆ. ಹುಡುಗಿ ಬಾಲ್ ಎತ್ತುತ್ತಿದ್ದಳು. ಬಾಲ್ ತಲೆಯ ಮೇಲೆ ಬರುವ ಸ್ವಲ್ಪ ಮೊದಲು ಅವಳು ನಡುಬೆರಳನ್ನು ಅಡಗಿಸಿ, ಉಳಿದ ಬೆರಳುಗಳಿಂದ ತೆಗೆದುಕೊಳ್ಳುತ್ತಿದ್ದಳು. ಎಷ್ಟು ಬೇಗ ಅಡಗಿಸುತ್ತಿದ್ದಳೆಂದರೆ, ಹುಡುಕಿ ನೋಡಿದರೆ ಮಾತ್ರ ಕಾಣುತ್ತಿತ್ತು. ಒಂದು ವಾರದಿಂದ ಅವಳು ನನ್ನ ಕಣ್ಣಿಗೆ ಬೀಳದ ಹಾಗೆ ಆ ಒಂದು ಬೆರಳನ್ನು ಬಿಟ್ಟು ಆಡುವುದನ್ನು ಕಲಿತಿದ್ದಳು, ನಾನು ಪ್ರತಿ ಬಾಲಿಗೂ "ಹತ್ತು ಬೆರಳು" ಎಂದು ಕೂಗಿದ್ದೆ. ಸೀಟಿ ಊದಿ ಆಟ ನಿಲ್ಲಿಸಿದೆ. ಅಲ್ಲಿಂದಲೇ ಅವಳ ಅಮ್ಮನಿಗೆ ಫೋನ್ ಮಾಡಿದೆ.

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ. ನಾನೂ ಬರ್ತೇನೆ. ಬೆರಳಿನ ಎಕ್ಸ್‌ರೇ ತೆಗಿಸ್ಬೇಕು."

"ನೀವು ಬೇಡ ಹೇಳಿದ್ದಲ್ವಾ ಟೀಚರ್?"

"ತಪ್ಪು ಹೇಳಿದ್ದೆ" ಎಂದೆ. ಕಾರ್ಖಾನೆಯ ಸದ್ದಿನ ನಡುವೆ ಅವರು, "ನಾಳೆ ರಜೆ ಕೇಳ್ತೇನೆ" ಎಂದು ಫೋನ್ ಇಟ್ಟರು.

ಬುಧವಾರ ಮೂವರೂ ಬಸ್ಸಿನಲ್ಲಿ ಕೊಡಿಯಾಲ್‌ಬೈಲಿಗೆ ಹೋದೆವು. ಈ ಸಲ ಎಲುಬಿನ ಡಾಕ್ಟರ್, ವಯಸ್ಸಾದವರು. ಅಡ್ಡಕ್ಕೆ ತೆಗೆದ ಎಕ್ಸ್‌ರೇಯನ್ನು ತುಂಬ ಹೊತ್ತು ನೋಡಿದರು. ನನಗೂ ಈಗ ಓದಲು ಬರುತ್ತಿತ್ತು. ನನ್ನದರಲ್ಲಿ ನುಚ್ಚಿನಷ್ಟಿದ್ದ ಚೂರು ಇವಳದರಲ್ಲಿ ಇಡೀ ಅಕ್ಕಿಯಷ್ಟಿತ್ತು. ಮೇಲಿನ ಎಲುಬು ತನ್ನ ಜಾಗದಲ್ಲಿ ಪೂರ್ತಿ ಕೂರದೆ ಸ್ವಲ್ಪ ಹಿಂದಕ್ಕೆ ಜಾರಿತ್ತು.

"ಇದನ್ನು ಎಳೆದದ್ದು ಯಾರು?" ಎಂದು ಡಾಕ್ಟರ್ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು. "ನಾನೇ ಡಾಕ್ಟ್ರೇ. ಬಾಲ್ ತಾಗಿದ ಕೂಡ್ಲೇ ನಾನೇ ಎಳ್ದೆ. ಮತ್ತೆ ಟೀಚರ್ ಬರೀ ಟೇಪ್ ಹಾಕಿದ್ದು."

ಡಾಕ್ಟರ್ ಅವಳಿಗೆ ಬೈದರು. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದು, ಎಲುಬಿನ ಸಂದಿನಲ್ಲಿ ಏನು ಸಿಕ್ಕಿಕೊಂಡಿರುತ್ತದೆ ಎಂದು ಹೊರಗಿನಿಂದ ಕಾಣುವುದಿಲ್ಲ, ಅಲ್ಲಾಡದ ಹಾಗೆ ಹಿಡಿದು ಸೀದಾ ಬರಬೇಕಿತ್ತು, ಎಳೆದ ಮೇಲಾದರೂ ಅಂದೇ ಬರಬೇಕಿತ್ತು ಎಂದರು. ಹುಡುಗಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವಳ ಅಮ್ಮ, "ಇವಳಿಗೆ ಎಲ್ಲದ್ರಲ್ಲೂ ಅವಸರ" ಎಂದರು. ಡಾಕ್ಟರ್ ಚೀಟಿಯಲ್ಲಿ ಬರೆಯತೊಡಗಿದರು. ನನಗೆ ಬಾಗಿಲು ತೆರೆದು ಕೊಟ್ಟ ಹಾಗಿತ್ತು. ಸುಮ್ಮನೆ ಕೂತರೆ ಸಾಕು, ಹೊರಗೆ ಹೋಗಬಹುದು. ಈ ಮಗುವಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ. ಆ ಪ್ರೀತಿಯೇ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ.

"ಅವಳಲ್ಲ" ಎಂದೆ. "ಎಳೆದದ್ದು ನಾನು. ಎಕ್ಸ್‌ರೇ ಬೇಡ ಹೇಳಿದ್ದೂ ನಾನು. ಅವಳ ಅಮ್ಮ ಅಂದೇ ಕೇಳಿದ್ರು."

ಡಾಕ್ಟರ್ ಪೆನ್ನು ನಿಲ್ಲಿಸಿ, ಜೋಡಿಸಿ ಕಟ್ಟಿದ ನನ್ನ ಬೆರಳುಗಳನ್ನು ನೋಡಿದರು. ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದರು. ಜೋಡಿಸಿ ಕಟ್ಟಿದರೆ ಇವಳಿಗೆ ಸಾಕಾಗುವುದಿಲ್ಲ ಎಂದರು. ಎಲುಬಿಗೆ ಒಂದು ಸಣ್ಣ ಸರಿಗೆ, ಅಂದರೆ ತಂತಿ, ಹಾಕಿ, ಬೆರಳು ಪೂರ್ತಿ ಹಿಂದಕ್ಕೆ ಹೋಗದ ಹಾಗೆ ನಿಲ್ಲಿಸಬೇಕು, ಕೆಲವು ವಾರದ ಮೇಲೆ ತೆಗೆದು ವ್ಯಾಯಾಮ ಮಾಡಿಸಬೇಕು. ಹದಿನಾಲ್ಕನೇ ದಿನಕ್ಕಾದರೂ ಬಂದದ್ದು ಒಳ್ಳೆಯದಾಯಿತು, ಬೆರಳು ಉಳಿಯುತ್ತದೆ, ಪೂರ್ತಿ ನೇರವಾಗದೆ ಸ್ವಲ್ಪ ಬಾಗಿ ಉಳಿಯಬಹುದು. ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ. "ಮತ್ತೆ ಆಡ್ಬಹುದಾ?" ಡಾಕ್ಟರ್, "ಆಡ್ಬಹುದು" ಎಂದರು.

ಹೊರಗೆ ಬೆಂಚಿನಲ್ಲಿ ಅವಳ ಅಮ್ಮ ನನ್ನ ಪಕ್ಕ ಕೂರಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನಾನು ಸ್ವಲ್ಪ ಉಸಿರಾಡುತ್ತಿದ್ದೆ. ಗೋಡೆಗೆ ಒರಗಿ ನಿಂತು, ಗೇರುಬೀಜದ ಎಣ್ಣೆಯಿಂದ ಕಪ್ಪಾದ ತನ್ನ ಬೆರಳುಗಳನ್ನು ನೋಡುತ್ತಾ ಹೇಳಿದರು. "ನಾನು ನಿಮ್ಮ ಮಾತು ಕೇಳಿದ್ದೆ ಟೀಚರ್. ಇನ್ನು ಅವಳ ಕೈಗೆ ಬಾಲ್ ಕೊಡ್ಲಿಕ್ಕಿಲ್ಲ. ನೀವು ಮಾತು ಕೊಡಿ." ನಾನು ಕೊಟ್ಟೆ. ಆ ಹೊತ್ತಿನಲ್ಲಿ ಅವರು ಏನು ಕೇಳಿದ್ದರೂ ಕೊಡುತ್ತಿದ್ದೆ.

ಗುರುವಾರ ಸರಿಗೆ ಹಾಕಿದರು. ಶುಕ್ರವಾರದ ಆಯ್ಕೆಗೆ ನಾವು ಹೋಗಲಿಲ್ಲ. ಹೆಡ್‌ಮಿಸ್ಟ್ರೆಸ್ಸಿಗೆ ನಾನೇ ಎಲ್ಲ ಹೇಳಿದೆ, ಅವರು ಹೇಳಬೇಕಾದದ್ದನ್ನು ಹೇಳಿದರು, ನಾನು ನಿಂತು ಕೇಳಿದೆ. ಕೆಂಪು ಟೇಪು ನೆಟ್ಟಿಗೆ ಮಾತ್ರ ಎಂದಾಯಿತು. ಸ್ಪೋರ್ಟ್ಸ್ ರೂಮಿನಲ್ಲಿ ಗಾಜ್ ಬಟ್ಟೆ, ಬಿಳಿ ಟೇಪು ಬಂತು. ಬೆರಳು ಸೊಟ್ಟವಾದ ಮಗುವಿಗೆ ನಾನೀಗ ಕೈ ಹಚ್ಚುವುದಿಲ್ಲ, ಹಾಗೇ ಆಧಾರ ಕೊಟ್ಟು ಆಸ್ಪತ್ರೆಗೆ ಹೊರಡಿಸುತ್ತೇನೆ. ಟೀಚರಿಗೆ ಈಗ ಮೊದಲಿನ ಧೈರ್ಯ ಇಲ್ಲ ಎಂದು ಲೆಕ್ಕದ ಸರ್ ಹೇಳುತ್ತಾರಂತೆ. ಹೇಳಲಿ.

ಸರಿಗೆ ತೆಗೆದು ಎರಡು ತಿಂಗಳಾದ ಮೇಲೆ ಒಂದು ಸಂಜೆ ಹುಡುಗಿ ಗ್ರೌಂಡಿಗೆ ಬಂದಳು. ಉಳಿದವರೆಲ್ಲ ಮನೆಗೆ ಹೋಗಿದ್ದರು. ನಾನು ನೆಟ್ಟು ಬಿಚ್ಚಿ ಬಾಲ್ ಎತ್ತಿಕೊಂಡಿದ್ದೆ. ಅವಳು ಮುಷ್ಟಿ ಹಿಡಿದು ತೋರಿಸಿದಳು, ನಡುಬೆರಳೂ ಅಂಗೈ ಮುಟ್ಟಿತು. ಬಿಡಿಸಿದಾಗ ತುಸು ಬಾಗಿಯೇ ಉಳಿಯಿತು, ಗಮನವಿಟ್ಟು ನೋಡಿದರೆ ಮಾತ್ರ ಗೊತ್ತಾಗುವಷ್ಟು.

"ಡಾಕ್ಟ್ರು ಇನ್ನು ಆಡು ಅಂದಿದ್ದಾರೆ ಟೀಚರ್. ಅಮ್ಮ ಬಿಡುದಿಲ್ಲ."

"ನಾನು ಅಮ್ಮನ ಹತ್ರ ಮಾತಾಡ್ತೇನೆ" ಎಂದೆ.

"ನೀವು ಮಾತಾಡಿದ್ರೆ ಆಗುದಿಲ್ಲ. ನಿಮ್ಮ ಮಾತನ್ನು ಈಗ ಅಮ್ಮ ನಂಬುದಿಲ್ಲ." ಅವಳು ಬೇಜಾರಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮತ್ತೆ, "ಎಳ್ದದ್ದು ನೀವು ಅಂತ ಅಂದು ಆಸ್ಪತ್ರೆಯಲ್ಲಿ ಯಾಕೆ ಹೇಳಿದ್ದು?" ಎಂದು ಕೇಳಿದಳು.

"ನನ್ನ ತಪ್ಪಿಗೆ ನೀನು ಬೈಗಳು ತಿನ್ನುದು ಹೇಗೆ? ನೀನು ನನ್ನನ್ನು ಉಳಿಸ್ಲಿಕ್ಕೆ ಸುಳ್ಳು ಹೇಳಿದ್ದಿ, ನಂಗೆ ಗೊತ್ತುಂಟು."

ಅವಳು ಆಶ್ಚರ್ಯದಿಂದ ನನ್ನನ್ನು ನೋಡಿದಳು. "ನಿಮಗೋಸ್ಕರ ಅಲ್ಲ ಟೀಚರ್. ನಾನೇ ಎಳ್ದದ್ದು ಅಂತಾದ್ರೆ ಅಮ್ಮ ನಂಗೆ ನಾಲ್ಕು ದಿನ ಬೈತಿದ್ರು, ಮತ್ತೆ ಬಿಡ್ತಿದ್ರು. ಟೀಚರೇ ಮಾಡಿದ್ದು ಅಂತ ಗೊತ್ತಾದ್ರೆ ಗ್ರೌಂಡಿಗೇ ಕಳಿಸುದಿಲ್ಲ ಅಂತ ನಂಗೆ ಗೊತ್ತಿತ್ತು."

ಅವಳು ಎರಡೂ ಕೈ ಮುಂದೆ ಚಾಚಿದಳು, ಹತ್ತೂ ಬೆರಳು ಬಿಡಿಸಿ.

"ಒಮ್ಮೆ ಕೊಡಿ ಟೀಚರ್. ಯಾರೂ ಇಲ್ಲ."

ಬಾಲ್ ನನ್ನ ಕಂಕುಳಲ್ಲಿತ್ತು, ಅವಳ ಅಮ್ಮನಿಗೆ ಕೊಟ್ಟ ಮಾತೂ ಇತ್ತು. ನಾನು ಕೊಡಲಿಲ್ಲ. ಅವಳು ಸ್ವಲ್ಪ ಹೊತ್ತು ಹಾಗೇ ಕೈ ಚಾಚಿ ನಿಂತು, ಮತ್ತೆ ಬ್ಯಾಗ್ ಎತ್ತಿಕೊಂಡು ಬಸ್‌ಸ್ಟಾಪಿನ ಕಡೆ ಹೋದಳು.